ಆ ದಿನ ಏನಾಯಿತು, ಹೇಳಿ

"ಈ ಯಂತ್ರವನ್ನು ಕೊಂಡ ನಂತರ ನನ್ನ ಸಮಯ ಮತ್ತು ಹಣ ಎರಡೂ ಉಳಿತಾಯವಾಗಿದೆ. ಇದರ ಗುಣಮಟ್ಟ ಅತ್ಯುತ್ತಮ. ಪ್ರತಿಯೊಬ್ಬ ರೈತರೂ ಇದನ್ನು ಬಳಸಬೇಕೆಂದು ಶಿಫಾರಸು ಮಾಡುತ್ತೇನೆ." ಇಂಥ ವಿಡಿಯೊ ಮೊಬೈಲಿನಲ್ಲಿ ಬಂದರೆ ಹೆಬ್ಬೆರಳು ತಾನಾಗಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಮಾತಾಡುತ್ತಿರುವವರು ನಿಜವಾದ ರೈತರೇ ಇರಬಹುದು, ಯಂತ್ರವೂ ಒಳ್ಳೆಯದೇ ಇರಬಹುದು. ಆದರೂ ನೋಡುವವರಿಗೆ ನಂಬಿಕೆ ಬರುವುದಿಲ್ಲ. ತೋಟದ ಮನುಷ್ಯ ಪಕ್ಕದ ಮನೆಯವರ ಹತ್ತಿರ "ಶಿಫಾರಸು ಮಾಡುತ್ತೇನೆ" ಎಂದು ಯಾವತ್ತೂ ಹೇಳುವುದಿಲ್ಲ. "ತಗಳಿ ಮಾರಾಯ್ರೆ, ತೊಂದ್ರೆ ಇಲ್ಲ" ಅನ್ನುತ್ತಾನೆ. ಆಡುಮಾತು ಬಿಟ್ಟು ಪುಸ್ತಕದ ಮಾತು ಶುರುವಾದ ಕೂಡಲೇ ಇದು ಬೇರೆ ಯಾರೋ ಬರೆದುಕೊಟ್ಟದ್ದು ಎಂದು ಕಿವಿಗೆ ತಿಳಿದುಹೋಗುತ್ತದೆ.

ಗ್ರಾಹಕರ ಅನುಭವ ಹೇಳಿಸುವ ವಿಡಿಯೊ ಕೆಡುವುದು ಬಹುತೇಕ ಇಲ್ಲೇ. ಸ್ಕ್ರಿಪ್ಟ್ ಮೊದಲು ಬರೆದು, ಆಮೇಲೆ ಅದನ್ನು ಹೇಳುವ ಮುಖವನ್ನು ಹುಡುಕುತ್ತಾರೆ. ಬಲ್ಲವರ ದಾರಿ ತಿರುವುಮುರುವು. ಅವರು ಮೊದಲು ಬರೆಯುವುದು ಪ್ರಶ್ನೆಗಳನ್ನು ಮಾತ್ರ. ಮುಕ್ಕಾಲು ಗಂಟೆ ಮಾತಾಡಿಸಿ, ಬಂದ ಮಾತನ್ನೆಲ್ಲ ಕಾಗದಕ್ಕೆ ಇಳಿಸಿ, ಅದರಿಂದ ಒಂದೂವರೆ ನಿಮಿಷವನ್ನು ಆರಿಸುತ್ತಾರೆ. ಸ್ಕ್ರಿಪ್ಟ್ ಎನ್ನುವುದು ಹುಟ್ಟುವುದೇ ಆಗ.

ಪ್ರಶ್ನೆ ಹೇಗಿರಬೇಕು ಎಂಬುದಕ್ಕೆ ಜಾಹೀರಾತು ಲೋಕದ ಹೊರಗಿನ ಒಂದು ಹಳೆಯ ಪಾಠವಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಗೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್, ಒಳ್ಳೆಯ ನಾಯಕ ಹೇಗಿರಬೇಕು ಎಂದು ಸೈನಿಕರ ಅಭಿಪ್ರಾಯ ಕೇಳುವುದರ ಬದಲು, ನೀವು ಕಣ್ಣಾರೆ ಕಂಡ ಒಂದು ಘಟನೆ ಹೇಳಿ, ಅಲ್ಲಿ ಅವನು ಏನು ಮಾಡಿದ ಎಂದು ಕೇಳುವ ಕ್ರಮವನ್ನು ಬೆಳೆಸಿದರು. 1954ರಲ್ಲಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದರು. ಅಭಿಪ್ರಾಯ ಕೇಳಿದರೆ ಜನ ವಿಶೇಷಣ ಕೊಡುತ್ತಾರೆ, ಘಟನೆ ಕೇಳಿದರೆ ಸಂಗತಿ ಕೊಡುತ್ತಾರೆ. "ಯಂತ್ರ ಹೇಗಿದೆ?" ಎಂಬ ಪ್ರಶ್ನೆಗೆ "ಚೆನ್ನಾಗಿದೆ" ಎಂಬುದನ್ನು ಬಿಟ್ಟು ಬೇರೆ ಉತ್ತರ ಎಲ್ಲಿಂದ ಬರಬೇಕು?

ಮಲೆನಾಡಿನ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಅಡಿಕೆ ಸುಲಿಯುವ ಯಂತ್ರ ತಯಾರಿಸುವ ಸಣ್ಣ ಕಾರ್ಖಾನೆಯೊಂದು ತನ್ನ ಗಿರಾಕಿಯೊಬ್ಬರ ವಿಡಿಯೊ ಮಾಡಿಸಬೇಕೆಂದಿದೆ. ಗಿರಾಕಿ ಸಾಗರದ ಕಡೆಯ ಬೆಳೆಗಾರರು, ಎರಡೆಕರೆ ತೋಟ. ದುಡ್ಡು ಕೊಟ್ಟದ್ದು ಯಜಮಾನರು, ಹಾಗಾಗಿ ಕ್ಯಾಮೆರಾ ಅವರ ಮುಂದೆಯೇ ಇಡಬೇಕು ಎಂದು ಕಾರ್ಖಾನೆಯವರ ಎಣಿಕೆ. ಆದರೆ ಸುಗ್ಗಿಯಲ್ಲಿ ಸುಲಿಯುವವರನ್ನು ಹೊಂದಿಸಿ, ಅವರಿಗೆ ಊಟ ತಿಂಡಿ ನೋಡಿ, ಲೆಕ್ಕ ಬರೆದಿಟ್ಟವರು ಮನೆಯಾಕೆ. ಕತೆ ಇರುವುದು ಅವರ ಬಳಿ. ಯಾರು ಕೊಂಡರು ಎಂಬುದಕ್ಕಿಂತ ಯಾರ ದಿನಚರಿ ಬದಲಾಯಿತು ಎಂದು ಫೋನಿನಲ್ಲಿ ಮೊದಲೇ ವಿಚಾರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಆ ಫೋನಿನಲ್ಲಿ ಪ್ರಶ್ನೆಗಳನ್ನು ಮಾತ್ರ ಹೇಳಿಬಿಡಬಾರದು. ಹೇಳಿದರೆ ರಾತ್ರಿ ಕೂತು ಉತ್ತರ ತಯಾರಿ ಮಾಡಿ, ಬೆಳಗ್ಗೆ ಭಾಷಣ ಒಪ್ಪಿಸುತ್ತಾರೆ. ಯಾವ ವಿಷಯದ ಮೇಲೆ ಮಾತು ಎಂದಷ್ಟೇ ತಿಳಿಸಿದರೆ ಸಾಕು.

ಮೊದಲ ಪ್ರಶ್ನೆಗೆ ಯಂತ್ರದ ಗೊಡವೆಯೇ ಬೇಡ. "ಅಮ್ಮಾ, ಯಂತ್ರ ಬರೋದಕ್ಕೆ ಮುಂಚೆ ಕೊಯ್ಲಿನ ದಿನ ಹೇಗಿರ್ತಿತ್ತು? ಕೊನೆ ಮನೆಗೆ ಬಂದಲ್ಲಿಂದ ಶುರು ಮಾಡಿ." ಮೊದಲ ಉತ್ತರ ಸಾಮಾನ್ಯವಾಗಿ ಸಪ್ಪೆಯೇ ಇರುತ್ತದೆ: "ತುಂಬಾ ಕಷ್ಟ ಇತ್ತು." ಇಲ್ಲಿ ತಾಳ್ಮೆ ಬೇಕು. ಮೂರು ನಾಲ್ಕು ಸೆಕೆಂಡು ಸುಮ್ಮನಿದ್ದರೆ ಆ ಮೌನ ತುಂಬಲು ಅವರೇ ಮಾತು ಮುಂದುವರಿಸುತ್ತಾರೆ. ಮುಂದುವರಿಸದಿದ್ದರೆ, "ಕಷ್ಟ ಅಂದ್ರೆ? ಒಂದು ದಿನದ್ದು ಹೇಳಿ" ಎಂದರಾಯಿತು. ಆಗ ಬರುವ ಮಾತೇ ಬೇರೆ: "ಎಂಟು ಜನ ಮೆಟ್ಟುಗತ್ತಿ ಹಿಡ್ಕೊಂಡು ಅಂಗಳದಲ್ಲಿ ಕೂರೋರು. ರಾತ್ರಿ ಹನ್ನೊಂದಕ್ಕೆ ಅವ್ರಿಗೆ ಇನ್ನೊಂದ್ಸಲ ಚಾ ಮಾಡ್ಬೇಕು. ಬೆಳಿಗ್ಗೆ ನಾಲ್ಕಕ್ಕೆದ್ದು ಬೇಯ್ಸೋ ಒಲೆಗೆ ಬೆಂಕಿ. ಮಲಗೋದು ಯಾವಾಗ?" ಆ ಹನ್ನೊಂದು ಗಂಟೆಯ ಚಹಾವನ್ನು ಯಾವ ಜಾಹೀರಾತು ಬರಹಗಾರನೂ ಕುಳಿತಲ್ಲಿ ಕಲ್ಪಿಸಲಾರ. ಅಡಿಕೆ ಬೆಳೆಯುವ ಮನೆಯಲ್ಲಿ ಅದನ್ನು ಕೇಳಿದವರು ಮಾತ್ರ ಕೂಡಲೇ ತಲೆ ಆಡಿಸುತ್ತಾರೆ.

ಎರಡನೆಯ ಪ್ರಶ್ನೆ, "ಇನ್ನು ಆಗೋದಿಲ್ಲ ಅಂತ ಅನ್ಸಿದ ದಿನ ಯಾವುದು?" ಹಸಿ ಅಡಿಕೆಯನ್ನು ಕೊಯ್ದು ಬಹಳ ದಿನ ರಾಶಿ ಹಾಕಿಡುವಂತಿಲ್ಲ, ಬೇಗ ಸುಲಿದು ಬೇಯಿಸಬೇಕು. ಹಾಗಾಗಿ ಆಳು ಕೈಕೊಟ್ಟ ಒಂದು ದಿನ ಎಲ್ಲರ ನೆನಪಿನಲ್ಲೂ ಇದ್ದೇ ಇರುತ್ತದೆ. "ಹೋದ ಸಲ ಊರಲ್ಲಿ ಮದುವೆ. ಸುಲಿಯೋಕೆ ಬಂದಿದ್ದು ಇಬ್ರೇ. ಕೊನೆ ಅಂಗಳದ ತುಂಬ."

ಎಲ್ಲಕ್ಕಿಂತ ಬೆಲೆಬಾಳುವ ಪ್ರಶ್ನೆ ಮುಂದಿನದು, ಬಹಳ ಜನ ಬಿಟ್ಟುಬಿಡುವುದೂ ಅದನ್ನೇ. "ತಗೊಳ್ಳೋಕೆ ಏನು ಅಳುಕಿತ್ತು? ಬೇಡ ಅಂದಿದ್ದು ಯಾರು?" ಮಾರಾಟದ ಬಗ್ಗೆ ಬರೆಯುವ ಶಾನ್ ಡಿಸೋಜಾ 'ದಿ ಬ್ರೇನ್ ಆಡಿಟ್' ಪುಸ್ತಕದಲ್ಲಿ ಗಿರಾಕಿಯನ್ನು ಮಾತಾಡಿಸಲು ಸೂಚಿಸುವ ಮೊದಲ ಪ್ರಶ್ನೆಯೇ ಇದು: ಕೊಳ್ಳದಂತೆ ನಿಮ್ಮನ್ನು ತಡೆಯಬಹುದಾಗಿದ್ದ ಅಡ್ಡಿ ಯಾವುದಿತ್ತು? ವಿಡಿಯೊ ನೋಡುತ್ತಿರುವವರ ತಲೆಯಲ್ಲಿ ಅದೇ ಅನುಮಾನ ಓಡುತ್ತಿರುತ್ತದೆ. ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅವರು ಕಿವಿಗೊಡುತ್ತಾರೆ. ನಮ್ಮ ಅಮ್ಮನ ಉತ್ತರ: "ನಾನೇ ಬೇಡ ಅಂದಿದ್ದು. ಮಿಷನ್ನು ಅಡಿಕೆನ ಚೂರು ಮಾಡತ್ತೆ, ಚೂರಾದ್ರೆ ರೇಟು ಬಿತ್ತು ಅಂತ." ಕಾರ್ಖಾನೆಯವರಿಗೆ ಈ ಸಾಲು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಇದನ್ನು ತೆಗೆದರೆ ವಿಡಿಯೊದಲ್ಲಿ ಉಳಿಯುವುದು ಹೊಗಳಿಕೆ ಮಾತ್ರ.

ಅಲ್ಲಿಂದ ಮುಂದೆ ಯಂತ್ರ ಬಂದ ದಿನ. "ಮೊದಲ ಡಬ್ಬ ಹಾಕಿದಾಗ ಏನಾಯ್ತು?" ಎಂದು ಕೇಳಬೇಕು. ಇಲ್ಲಿ ಲೆಕ್ಕ ಬರುತ್ತದೆ, ಬಂದಾಗ ಎರಡು ಎಚ್ಚರ ಇರಲಿ. ಲೆಕ್ಕ ಅವರ ಅಳತೆಯಲ್ಲೇ ಇರಲಿ. ಡಬ್ಬದಲ್ಲಿ ಅಳೆಯುವವರನ್ನು ಗಂಟೆಗಿಷ್ಟು ಕಿಲೊ ಎನ್ನುವಂತೆ ತಿದ್ದಬಾರದು. ಜೊತೆಗೆ, "ಅದು ಹೇಗೆ ಗೊತ್ತಾಯ್ತು?" ಎಂದು ಕೇಳಲೇಬೇಕು. "ಸುಲಿತಕ್ಕೆ ಕೊಟ್ಟ ದುಡ್ಡು ಬರ್ದಿಟ್ಟಿದೀನಲ್ಲ" ಎಂದು ಆಕೆ ಪುಸ್ತಕ ತಂದು ತೋರಿಸಿದರೆ ಅದು ನಿಜವಾದ ಲೆಕ್ಕ, ಪುಸ್ತಕವನ್ನೂ ಚಿತ್ರೀಕರಿಸಿಕೊಳ್ಳಬಹುದು. "ಅರ್ಧಕ್ಕರ್ಧ ಉಳೀತು ಅಂತ ಅವ್ರೇ ಹೇಳಿದ್ರು" ಎಂದರೆ ಆ ಅವರು ಕಾರ್ಖಾನೆಯವರು. ಅಂಥ ಅಂಕಿ ಎಷ್ಟು ಚೆಂದವಿದ್ದರೂ ಸ್ಕ್ರಿಪ್ಟಿಗೆ ಬೇಡ.

ಕೊನೆಗೆ, "ಸರಿ ಇಲ್ಲದ್ದು ಏನಿದೆ?" ಉತ್ತರ ಬರದಿದ್ದರೆ, "ಇದನ್ನು ತಗೋಬೇಡಿ ಅಂತ ಯಾರಿಗೆ ಹೇಳ್ತೀರಿ?" ಎಂದು ಇನ್ನೊಂದು ಕಡೆಯಿಂದ ಬರಬಹುದು. ಇದು ಜಗಳದ ಪ್ರಶ್ನೆಯಲ್ಲ, ಆದ್ದರಿಂದ ಸಂಕೋಚದ ಗಿರಾಕಿಯೂ ಉತ್ತರಿಸುತ್ತಾರೆ: "ಹತ್ತಿಪ್ಪತ್ತು ಮರ ಇದ್ದೋರಿಗೆ ಯಾಕೆ ಬೇಕು?"

ಕೇಳುವವರ ದನಿ ವಿಡಿಯೊದಲ್ಲಿ ಇರುವುದಿಲ್ಲವಾದ್ದರಿಂದ ಉತ್ತರ ತನ್ನ ಕಾಲ ಮೇಲೆ ನಿಲ್ಲಬೇಕು. "ಯಾರು ಬೇಡ ಅಂದ್ರು?" ಎಂಬುದಕ್ಕೆ "ನಾನೇ" ಎಂದಷ್ಟೇ ಹೇಳಿದರೆ ಸಂಕಲನಕ್ಕೆ ಉಪಯೋಗವಿಲ್ಲ. ಪ್ರಶ್ನೆಯನ್ನೂ ಸೇರಿಸಿ ಹೇಳಿ ಎಂದು ಮೊದಲೇ ಕೇಳಿಕೊಳ್ಳಬೇಕು, ಮರೆತಾಗ ಒಮ್ಮೆ ನೆನಪಿಸಬೇಕು. ಒಂದೇ ಸಾಲನ್ನು ನಾಲ್ಕು ಸಲ ಹೇಳಿಸಿದರೆ ಮಾತ್ರ ನಾಲ್ಕನೆಯದು ನಾಟಕವಾಗಿರುತ್ತದೆ. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು ಇರಲಿ. ಚಿತ್ರ ಸ್ವಲ್ಪ ಮಸುಕಾದರೂ ನೋಡುತ್ತಾರೆ, ಮಾತು ಕೇಳದಿದ್ದರೆ ನೋಡುವುದಿಲ್ಲ. ಯಂತ್ರ ಓಡುವ ಸದ್ದು ಬೇಕಿದ್ದರೆ ಬೇರೆಯಾಗಿ ಹಿಡಿದುಕೊಳ್ಳಬಹುದು.

ಇನ್ನು ಬರವಣಿಗೆ. ಮುಕ್ಕಾಲು ಗಂಟೆಯ ಮಾತನ್ನು ಅದು ಬಂದ ನಿಮಿಷದ ಗುರುತಿನೊಂದಿಗೆ ಅಕ್ಷರಕ್ಕಿಳಿಸಿ, ಕೇಳಿದ ಕೂಡಲೇ ಕಣ್ಣ ಮುಂದೆ ಚಿತ್ರ ಬರುವ ಸಾಲುಗಳಿಗೆ ಗೆರೆ ಎಳೆಯಬೇಕು. ಗುಣಮಟ್ಟ, ಅದ್ಭುತ, ಅತ್ಯುತ್ತಮ ಎಂಬವೆಲ್ಲ ಅಲ್ಲೇ ಉದುರುತ್ತವೆ. ಒಂದೂವರೆ ನಿಮಿಷದಲ್ಲಿ, ನಡುವೆ ಉಸಿರಾಟಕ್ಕೂ ಚಿತ್ರಕ್ಕೂ ಜಾಗ ಬಿಟ್ಟರೆ, 150 ಪದ ಹಿಡಿಯುವುದೂ ಕಷ್ಟ. ನಮ್ಮ ಉದಾಹರಣೆಯಲ್ಲಿ ಕೊನೆಗೆ ಉಳಿಯುವುದು ಹೀಗಿರಬಹುದು:

(ರಾತ್ರಿ, ಅಂಗಳದ ದೀಪ. ಹಳೆಯ ಮೆಟ್ಟುಗತ್ತಿ.) "ಮುಂಚೆ ಎಂಟು ಜನ ಸುಲಿಯೋಕೆ ಕೂರೋರು. ರಾತ್ರಿ ಹನ್ನೊಂದಕ್ಕೆ ಅವ್ರಿಗೆ ಚಾ ಮಾಡ್ಬೇಕು, ಬೆಳಿಗ್ಗೆ ನಾಲ್ಕಕ್ಕೆ ಒಲೆ ಹಚ್ಬೇಕು."

(ಆಕೆಯ ಮುಖ.) "ಹೋದ ಸಲ ಊರಲ್ಲಿ ಮದುವೆ. ಬಂದಿದ್ದು ಇಬ್ರೇ. ಕೊನೆ ಅಂಗಳದ ತುಂಬ. ಅವತ್ತು ಇವ್ರು, ಮಿಷನ್ ತರ್ತೀನಿ ಅಂದ್ರು. ನಾನೇ ಬೇಡ ಅಂದಿದ್ದು. ಚೂರು ಮಾಡತ್ತೆ, ರೇಟು ಬೀಳತ್ತೆ ಅಂತ."

(ಯಂತ್ರದಿಂದ ಬೀಳುವ ಅಡಿಕೆ, ಆರಿಸುವ ಕೈ.) "ಮೊದಲ್ನೇ ದಿನ ಒಂದು ಡಬ್ಬ ಹಾಕಿ, ಕೂತು ಆರಿಸಿ ನೋಡ್ದೆ. ಚೂರು ಆಗತ್ತೆ, ಇಲ್ಲ ಅಂತಲ್ಲ. ಸಣ್ಣ ಕಾಯಿ ಸರಿಯಾಗಿ ಸುಲಿಯಲ್ಲ, ಅದನ್ನ ಈಗ್ಲೂ ಕತ್ತಿಲೇ ಮಾಡ್ತೀವಿ. ಅದಕ್ಕೆ ಇಬ್ರು ಸಾಕು."

(ಲೆಕ್ಕದ ಪುಸ್ತಕ.) "ಸುಲಿತದ ದುಡ್ಡು ಎರಡೂ ವರ್ಷದ್ದು ಬರ್ದಿದೀನಿ, ನೋಡಿ. ಹತ್ತಿಪ್ಪತ್ತು ಮರ ಇದ್ದೋರಿಗೆ ಬೇಡ ಇದು. ನಮ್ಮಂಥೋರಿಗೆ ಆಗತ್ತೆ. ಈ ಸಲ ಸುಗ್ಗಿಲಿ ಹತ್ತು ಗಂಟೆಗೆ ಮಲ್ಗಿದೀನಿ."

ಕಾರ್ಖಾನೆಯ ಹೆಸರು ಕೊನೆಯ ಫಲಕದಲ್ಲಿ ಬಂದರೆ ಸಾಕು. ಯಂತ್ರ ಎಷ್ಟು ಅಶ್ವಶಕ್ತಿಯದು, ಬೆಲೆ ಎಷ್ಟು ಎಂಬುದಕ್ಕೆ ಬೇರೆ ಕಾಗದವಿದೆ.

ಒಡೆಯರು ಆಗ ಹೇಳುವ ಮೊದಲ ಮಾತು ಯಾರೂ ಊಹಿಸಬಹುದಾದ್ದೇ: "ಚೂರು ಆಗತ್ತೆ ಅನ್ನೋದನ್ನ ಕತ್ತರಿಸಿ." ಕತ್ತರಿಸುವುದು ಸುಲಭ, ಮೇಲೊಂದು ಯಂತ್ರದ ಚಿತ್ರ ಮುಚ್ಚಿದರೆ ಬೆಸುಗೆ ಕಾಣುವುದೂ ಇಲ್ಲ. ಆದರೆ ಹಾಗೆ ಮಾಡಿದರೆ ಆಕೆ ಹೇಳಿದ ಅರ್ಥವೇ ಬದಲಾಗುತ್ತದೆ. ಸಾಲುಗಳ ಹಿಂದುಮುಂದು ಮಾಡಬಹುದು, ತಡವರಿಕೆ ತೆಗೆಯಬಹುದು. "ಆದರೆ" ಎಂದು ಶುರುವಾದ ಅರ್ಧವನ್ನು ಎಸೆದು ಮೊದಲರ್ಧ ಮಾತ್ರ ಇಟ್ಟುಕೊಳ್ಳುವಂತಿಲ್ಲ. ಮುಚ್ಚಿಟ್ಟರೂ ಕೊಂಡವರಿಗೆ ಮೊದಲ ವಾರದಲ್ಲೇ ಚೂರು ಕಾಣುತ್ತದೆ, ಆಗ ಬರುವ ಫೋನು ಕಾರ್ಖಾನೆಗೇ.

ಕಾನೂನೂ ಈ ಕಡೆಗೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರಚನೆಯಾದ ಕೇಂದ್ರ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನಲ್ಲಿ ಒಂದು ಸರಕಿನ ಪರವಾಗಿ ಮಾತಾಡುವವರ ಅಭಿಪ್ರಾಯ ಪ್ರಾಮಾಣಿಕವಾಗಿರಬೇಕು, ಈಚಿನದಾಗಿರಬೇಕು, ಸಾಕಷ್ಟು ಮಾಹಿತಿ ಇಲ್ಲವೇ ಅನುಭವದ ಮೇಲೆ ನಿಂತಿರಬೇಕು. ಮಾತಾಡುವವರಿಗೂ ಕಂಪನಿಗೂ ನೋಡುಗರು ಊಹಿಸದ ಸಂಬಂಧವಿದ್ದರೆ ಅದನ್ನು ತಿಳಿಸಬೇಕು. ಅಂದರೆ ವಿಡಿಯೊಗಾಗಿ ಆಕೆಗೆ ಯಂತ್ರದ ಬೆಲೆಯಲ್ಲಿ ಸೋಡಿ ಬಿಟ್ಟಿದ್ದರೆ ಅದೂ ಪರದೆಯ ಮೇಲೆ ಬರಬೇಕು.

ಸಿದ್ಧವಾದ ವಿಡಿಯೊವನ್ನು ಹೊರಬಿಡುವ ಮೊದಲು ಆಕೆಗೇ ತೋರಿಸಿ, ಎಲ್ಲೆಲ್ಲಿ, ಎಷ್ಟು ಕಾಲ ಬಳಸುತ್ತೀರಿ ಎಂದು ಬರೆದು ಒಪ್ಪಿಗೆ ಪಡೆಯಬೇಕು. "ಆ ಮದುವೆ ವಿಷಯ ಬೇಡ, ಅವ್ರು ಬೇಜಾರು ಮಾಡ್ಕೋತಾರೆ" ಎಂದರೆ ಮದುವೆಯ ಮಾತು ತೆಗೆದು, ಇಬ್ಬರೇ ಬಂದರು ಎಂಬುದನ್ನಷ್ಟೇ ಉಳಿಸಿದರೆ ಕತೆಗೆ ನಷ್ಟವಿಲ್ಲ. ಮುಂದಿನ ಸುಗ್ಗಿ ಮುಗಿದಾಗ ಇನ್ನೊಮ್ಮೆ ಫೋನು ಮಾಡುವುದು ಒಳ್ಳೆಯದು. ಅಷ್ಟರಲ್ಲಿ ಯಂತ್ರ ಮೂಲೆ ಸೇರಿದ್ದರೆ, ಅಥವಾ ಮಾರಿಬಿಟ್ಟಿದ್ದರೆ, ವಿಡಿಯೊವನ್ನೂ ಇಳಿಸಬೇಕು.