ದೂರು ಕೊಟ್ಟ ದಿನದಿಂದಲೇ ಎಣಿಕೆ

ಸಂಬಳದ ಚೀಟಿ ಕೈಗೆ ಬಂದ ದಿನ ‘ನನ್ನ ಓ.ಟಿ. ಸೇರಿಲ್ಲವಲ್ಲ’ ಎನ್ನುವ ಮಾತು ಯಾವ ಕಾರ್ಖಾನೆಗೂ ಹೊಸದಲ್ಲ. ಕಾರ್ಮಿಕ ಸೂಪರ್‌ವೈಸರ್‌ಗೆ ಹೇಳುತ್ತಾನೆ. ಅವರು ಟೈಮ್ ಆಫೀಸಿನಲ್ಲಿ ಕೇಳು ಅನ್ನುತ್ತಾರೆ. ಟೈಮ್ ಆಫೀಸಿನವರು ಪಂಚ್ ಕಾಣುತ್ತಿಲ್ಲ ಅನ್ನುತ್ತಾರೆ. ಎಚ್.ಆರ್. ಬಳಿ ಹೋದರೆ ‘ನೋಡೋಣ’ ಎಂಬ ಉತ್ತರ. ಹೀಗೆ ಓಡಾಡುವಷ್ಟರಲ್ಲಿ ಮುಂದಿನ ತಿಂಗಳ ಚೀಟಿಯೂ ಬಂದಿರುತ್ತದೆ. ಹಣ ಕೊಡುವುದಿಲ್ಲ ಎಂದು ಯಾರೂ ಹೇಳಿರುವುದಿಲ್ಲ, ಆದರೆ ಹಣ ಬಂದಿರುವುದೂ ಇಲ್ಲ.

ಈ ‘ನೋಡೋಣ’ಕ್ಕೆ ಕೊನೆಯ ದಿನಾಂಕ ಹಾಕುವುದೇ ಕುಂದುಕೊರತೆ ನಿವಾರಣಾ ಕ್ರಮದ ಕೆಲಸ. ಯಾರಿಗೆ ದೂರು ಕೊಡಬೇಕು, ಅವರು ಎಷ್ಟು ದಿನದೊಳಗೆ ಉತ್ತರಿಸಬೇಕು, ಉತ್ತರ ಒಪ್ಪಿಗೆಯಾಗದಿದ್ದರೆ ಅಥವಾ ಬಾರದೇ ಇದ್ದರೆ ಮುಂದೆ ಎಲ್ಲಿಗೆ ಹೋಗಬೇಕು ಎಂಬುದನ್ನು ಅದು ಮೊದಲೇ ಬರೆದಿಡುತ್ತದೆ.

ಮಧ್ಯಮ ಗಾತ್ರದ ಕಾರ್ಖಾನೆಗೆ ಇದು ಹೆಚ್ಚು ಬೇಕಾಗುವುದಕ್ಕೆ ಕಾರಣವಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ, ಸ್ಥಾಯಿ ಆದೇಶಗಳು ಕಡ್ಡಾಯವಾಗುವುದು 300 ಕಾರ್ಮಿಕರಿರುವಲ್ಲಿ. ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕಾದದ್ದು 250 ಮಂದಿ ಇದ್ದಾಗ. ನೂರೆಂಬತ್ತು ಜನ ದುಡಿಯುವ ಕಾರ್ಖಾನೆ ಈ ಎರಡೂ ಗೆರೆಗಳ ಕೆಳಗೆ ಉಳಿಯುತ್ತದೆ. ಆದರೆ ಕುಂದುಕೊರತೆ ನಿವಾರಣಾ ಸಮಿತಿ 20 ಕಾರ್ಮಿಕರಿದ್ದರೂ ಇರಲೇಬೇಕು. ಕೈಗಾರಿಕಾ ಸಂಬಂಧಗಳ ಸಂಹಿತೆಯ 4ನೇ ಕಲಮು ಹಾಗೆ ಹೇಳುತ್ತದೆ. ಇಂಥ ಕಾರ್ಖಾನೆಯ ಕಾರ್ಮಿಕನಿಗೆ ಒಳಗೇ ನ್ಯಾಯ ಕೇಳಲು ಸಿಗುವ ಮುಖ್ಯ ಜಾಗ ಇದು.

ಸಮಿತಿಯ ಲೆಕ್ಕಾಚಾರ

ಸಮಿತಿಯಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮಸಂಖ್ಯೆಯಲ್ಲಿರಬೇಕು, ಒಟ್ಟು ಹತ್ತು ಮಂದಿಯನ್ನು ಮೀರಬಾರದು. ಅಧ್ಯಕ್ಷ ಸ್ಥಾನ ಒಂದು ವರ್ಷ ಆ ಕಡೆಗೆ, ಮರುವರ್ಷ ಈ ಕಡೆಗೆ ಹೋಗುತ್ತದೆ. ಕಾರ್ಖಾನೆಯ ಕಾರ್ಮಿಕರಲ್ಲಿ ಮಹಿಳೆಯರ ಪಾಲು ಎಷ್ಟಿದೆಯೋ ಸಮಿತಿಯಲ್ಲೂ ಕನಿಷ್ಠ ಅಷ್ಟಿರಬೇಕು. 180 ಜನರಲ್ಲಿ 45 ಮಂದಿ ಮಹಿಳೆಯರಿದ್ದರೆ ಎಂಟು ಜನರ ಸಮಿತಿಯಲ್ಲಿ ಕನಿಷ್ಠ ಇಬ್ಬರು ಮಹಿಳೆಯರು ಬೇಕು.

ತೀರ್ಮಾನ ಬಹುಮತದ್ದು. ಆದರೆ ಅದಕ್ಕೊಂದು ಷರತ್ತು ಇದೆ: ಕಾರ್ಮಿಕ ಪ್ರತಿನಿಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿರಬೇಕು. ಎಂಟು ಜನರ ಸಮಿತಿಯಲ್ಲಿ ಮಾಲೀಕರ ಕಡೆಯ ನಾಲ್ವರೂ ಕಾರ್ಮಿಕರ ಕಡೆಯ ಒಬ್ಬರೂ ಕೈ ಎತ್ತಿದರೆ ಐದು ಮತಗಳಾಗುತ್ತವೆ, ಅಂದರೆ ಬಹುಮತ. ಆದರೂ ಅದು ತೀರ್ಮಾನವಲ್ಲ, ಏಕೆಂದರೆ ನಾಲ್ವರು ಕಾರ್ಮಿಕ ಪ್ರತಿನಿಧಿಗಳಲ್ಲಿ ಮೂವರಾದರೂ ಒಪ್ಪಬೇಕಿತ್ತು. ಅಂಥ ಸಂದರ್ಭದಲ್ಲಿ ಸಮಿತಿ ಯಾವ ತೀರ್ಮಾನಕ್ಕೂ ಬಂದಿಲ್ಲವೆಂದೇ ಕಾನೂನು ಭಾವಿಸುತ್ತದೆ. ಒಬ್ಬ ಪ್ರತಿನಿಧಿಯನ್ನು ಒಲಿಸಿಕೊಂಡು ದೂರನ್ನು ತಳ್ಳಿಹಾಕುವ ದಾರಿ ಇಲ್ಲಿಗೆ ಮುಚ್ಚುತ್ತದೆ.

ಮೆಟ್ಟಿಲುಗಳು, ಗಡುವುಗಳು

ಸಮಿತಿಗೆ ಕಾನೂನು ಕೊಟ್ಟಿರುವ ಗಡುವು, ಅರ್ಜಿ ಕೈಸೇರಿದ ದಿನದಿಂದ 30 ದಿನ. ತೊಂದರೆ ಉಂಟಾದ ಒಂದು ವರ್ಷದೊಳಗೆ ಅರ್ಜಿ ಕೊಡಬಹುದು. ಆದರೆ ಎಲ್ಲ ದೂರಿಗೂ ಸಮಿತಿ ಕೂರಬೇಕಾಗಿಲ್ಲ, ಬಹುಪಾಲು ದೂರುಗಳು ಇಲಾಖೆಯಲ್ಲೇ ಮುಗಿಯಬೇಕು. ಅದಕ್ಕೆ ಹಳೆಯದೊಂದು ಮಾದರಿ ಇದೆ. 1958ರಲ್ಲಿ ನೈನಿತಾಲದಲ್ಲಿ ನಡೆದ ಭಾರತೀಯ ಕಾರ್ಮಿಕ ಸಮ್ಮೇಳನದ ಬೆನ್ನಿಗೇ ಬಂದ ಶಿಸ್ತು ಸಂಹಿತೆಯ ಜೊತೆ ಮಾದರಿ ಕುಂದುಕೊರತೆ ಕ್ರಮವೂ ರೂಪುಗೊಂಡಿತು. ಅದರಲ್ಲಿ ಮೇಲ್ವಿಚಾರಕರ ಮಟ್ಟದ ಅಧಿಕಾರಿ 48 ಗಂಟೆಯಲ್ಲಿ, ಇಲಾಖಾ ಮುಖ್ಯಸ್ಥರು ಮೂರು ದಿನದಲ್ಲಿ ಉತ್ತರಿಸಬೇಕು. ಸಮಿತಿ ಏಳು ದಿನದಲ್ಲಿ ಶಿಫಾರಸು ಮಾಡಬೇಕು, ವ್ಯವಸ್ಥಾಪಕರು ಮೂರು ದಿನದಲ್ಲಿ ನಿರ್ಧಾರ ತಿಳಿಸಬೇಕು. ಅದೂ ಒಪ್ಪಿಗೆಯಾಗದಿದ್ದರೆ ಆಡಳಿತಕ್ಕೆ ಮೇಲ್ಮನವಿ, ಅದಕ್ಕೆ ಒಂದು ವಾರ.

ಇಂದಿಗೂ ಮಧ್ಯಮ ಕಾರ್ಖಾನೆಗೆ ಈ ದಿನಗಳು ಸರಿಹೊಂದುತ್ತವೆ. ಅವುಗಳ ಜೊತೆ ಮೂರು ಮಾತು ಸೇರಿಸಿಕೊಳ್ಳಬೇಕು. ಮೊದಲನೆಯದು, ದಿನ ಎಂದರೆ ಕೆಲಸದ ದಿನವೋ ಕ್ಯಾಲೆಂಡರ್ ದಿನವೋ ಎಂಬುದನ್ನು ಬರೆದಿಡಬೇಕು. ಎರಡನೆಯದು, ದೂರು ಪಡೆದವರು ದಿನಾಂಕ ಹಾಕಿ ಸ್ವೀಕೃತಿ ಚೀಟಿ ಕೊಡಬೇಕು. ಆ ಚೀಟಿ ಇಲ್ಲದಿದ್ದರೆ ಎಲ್ಲಿಂದ ಎಣಿಸಬೇಕೆಂಬುದೇ ಗೊತ್ತಾಗದೆ ಎಲ್ಲ ಗಡುವುಗಳೂ ಕಾಗದದ ಮೇಲೇ ಉಳಿಯುತ್ತವೆ. ಮೂರನೆಯದೇ ಮುಖ್ಯ: ಗಡುವಿನೊಳಗೆ ಉತ್ತರ ಬಾರದಿದ್ದರೆ ದೂರು ನಿರಾಕರಣೆಯಾಯಿತೆಂದು ತಿಳಿದು ಕಾರ್ಮಿಕ ಮುಂದಿನ ಮೆಟ್ಟಿಲು ಹತ್ತಬಹುದು. ಈ ಸಾಲು ಇಲ್ಲದ ಕ್ರಮದಲ್ಲಿ ಸುಮ್ಮನೆ ಕೂತ ಅಧಿಕಾರಿಯೇ ಗೆಲ್ಲುತ್ತಾನೆ.

ಯಾವುದು ಈ ದಾರಿಯಲ್ಲಿ ಬರುವುದಿಲ್ಲ ಎಂಬುದೂ ಸ್ಪಷ್ಟವಿರಬೇಕು. ಲೈಂಗಿಕ ಕಿರುಕುಳದ ದೂರು 2013ರ ಕಾಯ್ದೆಯಂತೆ ಆಂತರಿಕ ಸಮಿತಿಗೆ ಹೋಗಬೇಕು, ಸೂಪರ್‌ವೈಸರ್ ಮೇಜಿಗಲ್ಲ. ಎಲ್ಲರ ಸಂಬಳ ಏರಿಸಬೇಕೆಂಬ ಬೇಡಿಕೆ ಸಂಘದ ಮಾತುಕತೆಗೆ ಸೇರಿದ್ದು. ಯಂತ್ರದ ಗಾರ್ಡ್ ಕಳಚಿಕೊಂಡಿದೆ ಎನ್ನುವ ದೂರು 48 ಗಂಟೆ ಕಾಯುವಂಥದ್ದಲ್ಲ.

ಹನ್ನೆರಡು ಗಂಟೆಯ ಓ.ಟಿ.

ಈಗ ಒಂದು ಪ್ರಕರಣವನ್ನು ಕಲ್ಪಿಸಿಕೊಂಡು ಈ ಮೆಟ್ಟಿಲುಗಳನ್ನು ಹತ್ತಿ ನೋಡೋಣ. ಬಿಡಿಭಾಗ ತಯಾರಿಸುವ ಕಾರ್ಖಾನೆ. ಸಿ.ಎನ್.ಸಿ. ಯಂತ್ರದ ಆಪರೇಟರ್ ಒಬ್ಬನಿಗೆ ದಿನಕ್ಕೆ 800 ರೂಪಾಯಿ, ಎಂಟು ಗಂಟೆಯ ಲೆಕ್ಕದಲ್ಲಿ ಗಂಟೆಗೆ 100. ಹೆಚ್ಚುವರಿ ಗಂಟೆಗೆ ದುಪ್ಪಟ್ಟು, ಅಂದರೆ 200. ಮಾರ್ಚ್‌ನಲ್ಲಿ ಆರು ರಾತ್ರಿ ಅವನು ಎರಡನೇ ಶಿಫ್ಟ್ ಮುಗಿಸಿ ಇನ್ನೆರಡು ಗಂಟೆ ನಿಂತು ದುಡಿದ. ರಾತ್ರಿ ಹತ್ತೂವರೆಗೆ ಮುಗಿಯಬೇಕಿದ್ದ ಕೆಲಸ ಹನ್ನೆರಡೂವರೆಗೆ ಮುಗಿಯಿತು. ಒಟ್ಟು 12 ಗಂಟೆ, 2,400 ರೂಪಾಯಿ. ಏಪ್ರಿಲ್ 7ರ ಚೀಟಿಯಲ್ಲಿ ಅದು ಸೊನ್ನೆ.

ಏಪ್ರಿಲ್ 8ರಂದು ಅವನು ಸೂಪರ್‌ವೈಸರ್‌ಗೆ ಬರೆದು ಕೊಡುತ್ತಾನೆ. ದಿನಾಂಕ, ಗಂಟೆ, ಯಂತ್ರ, ಮಾಡಿದ ಕೆಲಸ, ಕೇಳುವ ಮೊತ್ತ, ಇಷ್ಟೇ ಇರುವ ಅರ್ಧ ಪುಟ. ಹತ್ತನೇ ತಾರೀಖು ಉತ್ತರ ಬರುತ್ತದೆ: ‘ಹೊರಹೋದ ಪಂಚ್ ಇಲ್ಲ, ನನ್ನ ಕೈಯಲ್ಲಿಲ್ಲ.’ ಅಂದೇ ಇಲಾಖಾ ಮುಖ್ಯಸ್ಥರಿಗೆ ಅರ್ಜಿ. 13ರವರೆಗೂ ಅಲ್ಲಿಂದ ಉತ್ತರವಿಲ್ಲ. 14 ಅಂಬೇಡ್ಕರ್ ಜಯಂತಿಯ ರಜೆ. 15ರಂದು ಅವನು ಸಮಿತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುತ್ತಾನೆ.

ಸಮಿತಿ ಕೇಳಬೇಕಾದ ಪ್ರಶ್ನೆ ಪಂಚ್ ಇದೆಯೇ ಎಂಬುದಲ್ಲ, ಅವನು ಕೆಲಸ ಮಾಡಿದನೇ ಎಂಬುದು. ಪಂಚ್ ಒಂದು ಸಾಕ್ಷ್ಯ ಮಾತ್ರ. ಓ.ಟಿ. ಸ್ಲಿಪ್, ಜಾಬ್ ಕಾರ್ಡ್, ಗೇಟಿನ ರಿಜಿಸ್ಟರ್ ತರಿಸಿ ಒಂದರ ಪಕ್ಕ ಒಂದಿಟ್ಟು ನೋಡಿದಾಗ ಐದು ರಾತ್ರಿಗಳು ತಾಳೆಯಾಗುತ್ತವೆ. ಪಂಚ್ ಏಕಿಲ್ಲ ಎಂಬುದೂ ಆಗ ತಿಳಿಯುತ್ತದೆ. ಹನ್ನೆರಡು ಗಂಟೆ ದಾಟಿದ ಮೇಲೆ ಹಾಕಿದ ಪಂಚ್ ಮರುದಿನದ ತಾರೀಖಿಗೆ ಬಿದ್ದಿದೆ. ಹಿಂದಿನ ದಿನಕ್ಕೆ ಹೊರಹೋದ ಪಂಚ್ ಸಿಗದೆ ಸಾಫ್ಟ್‌ವೇರ್ ತಾನಾಗಿಯೇ ಶಿಫ್ಟ್ ಮುಗಿಯುವ ಹೊತ್ತನ್ನು ತುಂಬಿಕೊಂಡಿದೆ. ಹಾಗಾದರೆ ನಡುರಾತ್ರಿ ದಾಟಿ ದುಡಿದ ಬೇರೆಯವರ ಗಂಟೆಗಳೂ ಹೋಗಿರಬೇಕು. ಒಬ್ಬನ ದೂರಿನಿಂದ ಇಡೀ ಶಿಫ್ಟಿನ ಲೆಕ್ಕ ತಪ್ಪಿರುವುದು ಹೊರಬರುವುದು ಹೀಗೆ.

ಆರನೇ ರಾತ್ರಿಯದು ಬೇರೆ ಕಥೆ. ಅಂದು ಸೂಪರ್‌ವೈಸರ್ ರಜೆಯಲ್ಲಿದ್ದರು, ಸ್ಲಿಪ್ಪಿಗೆ ಸಹಿಯಿಲ್ಲ, ಜಾಬ್ ಕಾರ್ಡ್‌ನಲ್ಲಿ ಸಮಯ ಬರೆದಿಲ್ಲ. 22ರಂದು ಸಮಿತಿ ಹತ್ತು ಗಂಟೆಗೆ 2,000 ರೂಪಾಯಿ ಕೊಡಬೇಕು, ಉಳಿದ ಎರಡು ಗಂಟೆಗೆ ದಾಖಲೆ ಸಾಲದು ಎಂದು ಕಾರಣ ಬರೆದು ತಿಳಿಸುತ್ತದೆ. 24ರಂದು ವ್ಯವಸ್ಥಾಪಕರು ಅದನ್ನು ಒಪ್ಪಿ ಆದೇಶ ಕೊಡುತ್ತಾರೆ.

ಮೇಲ್ಮನವಿ ಎಂದರೆ

ಇಲ್ಲಿ ಕಾರಣ ಬರೆದದ್ದರಿಂದಲೇ ಮೇಲ್ಮನವಿ ಸಾಧ್ಯವಾಯಿತು. ‘ಪರಿಶೀಲಿಸಿ ತಿರಸ್ಕರಿಸಲಾಗಿದೆ’ ಎಂದಿದ್ದರೆ ಏನನ್ನು ತೋರಿಸಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ದಾಖಲೆ ಸಾಲದು ಎಂದಿದ್ದರಿಂದ ಅವನು ಆ ರಾತ್ರಿ ಮನೆಗೆ ಬಿಟ್ಟ ಕಂಪನಿ ವಾಹನದ ಲಾಗ್‌ಬುಕ್ ನೆನಪಿಸಿಕೊಳ್ಳುತ್ತಾನೆ. ಅದರಲ್ಲಿ 12.40ಕ್ಕೆ ಹತ್ತಿದವರ ಪಟ್ಟಿಯಲ್ಲಿ ಅವನ ಹೆಸರಿದೆ. ಆಡಳಿತಕ್ಕೆ ಮೇಲ್ಮನವಿ ಹೋಗಿ, ವಾರದೊಳಗೆ ಉಳಿದ 400 ರೂಪಾಯಿಯೂ ಮಂಜೂರಾಗುತ್ತದೆ.

ಮೇಲ್ಮನವಿ ಹೆಸರಿಗಷ್ಟೇ ಆಗಬಾರದೆಂದರೆ ಅದನ್ನು ಕೇಳುವವರು ಕೆಳಗಿನ ನಿರ್ಧಾರದಲ್ಲಿ ಕೈಯಾಡಿಸಿರಬಾರದು. ಹೊಸ ದಾಖಲೆ ತರಲು, ಜೊತೆಗೆ ಒಬ್ಬ ಸಹೋದ್ಯೋಗಿಯನ್ನು ಕರೆದೊಯ್ಯಲು ಅವಕಾಶವಿರಬೇಕು. ವಿಚಾರಣೆಗೆ ಹೋದ ಹೊತ್ತಿನ ಸಂಬಳ ಕಡಿತವಾಗಬಾರದು. ಈ ಕೊನೆಯ ಮಾತು 1958ರ ಮಾದರಿಯಲ್ಲೇ ಇದೆ.

ಎಚ್ಚರ ವಹಿಸಬೇಕಾದ ಒಂದು ಸಂಗತಿ ಇಲ್ಲಿದೆ. ಸಮಿತಿಯ ತೀರ್ಮಾನ ಒಪ್ಪದ ಕಾರ್ಮಿಕ ಅದು ಕೈಸೇರಿದ 60 ದಿನದೊಳಗೆ ಸರ್ಕಾರದ ಸಂಧಾನಾಧಿಕಾರಿಗೆ ಅರ್ಜಿ ಹಾಕಬಹುದು. ಸಮಿತಿ ತೀರ್ಮಾನವನ್ನೇ ಕೊಡದಿದ್ದರೆ 30 ದಿನ ಮುಗಿದಲ್ಲಿಂದ 60 ದಿನ. ನಮ್ಮ ಪ್ರಕರಣದಲ್ಲಿ ಸಮಿತಿ ಸುಮ್ಮನಿದ್ದಿದ್ದರೆ 30 ದಿನ ಮೇ 15ಕ್ಕೆ ಮುಗಿದು, ಜುಲೈ 14 ಕೊನೆಯ ದಿನವಾಗುತ್ತಿತ್ತು. ಕಾರ್ಖಾನೆಯೊಳಗಿನ ಮೇಲ್ಮನವಿ ಸಂಹಿತೆಯಲ್ಲಿಲ್ಲ, ಅದು ನಡೆಯುತ್ತಿದೆ ಎಂದು ಈ 60 ದಿನ ನಿಲ್ಲುತ್ತದೆಂದು ನಂಬುವಂತಿಲ್ಲ. ಆದ್ದರಿಂದ ಒಳಗಿನ ಮೇಲ್ಮನವಿ ಒಂದೆರಡು ವಾರದಲ್ಲಿ ಮುಗಿಯಲೇಬೇಕು, ಸಮಿತಿಯ ಪ್ರತಿ ಆದೇಶದ ಕೆಳಗೂ ಸಂಧಾನಾಧಿಕಾರಿಗೆ ಹೋಗಲು ಕೊನೆಯ ದಿನಾಂಕವನ್ನು ಬರೆದುಕೊಡಬೇಕು.

ಕಾನೂನಿನಲ್ಲೊಂದು ಇಕ್ಕಟ್ಟೂ ಇದೆ. ಸಂಧಾನಾಧಿಕಾರಿಗೆ ಹೋಗುವ ಅರ್ಜಿ ಕಾರ್ಮಿಕ ಸದಸ್ಯನಾಗಿರುವ ಸಂಘದ ಮೂಲಕವೇ ಹೋಗಬೇಕು. ಕೆಲಸದಿಂದ ತೆಗೆದುಹಾಕಿದ ಪ್ರಕರಣ ಇದಕ್ಕೆ ಹೊರತು. ಅದನ್ನು ಒಬ್ಬನೇ ಕಾರ್ಮಿಕ ಸಂಧಾನಾಧಿಕಾರಿಯ ಮುಂದಿಡಬಹುದು, 45 ದಿನ ಕಳೆದ ಮೇಲೆ ನೇರ ನ್ಯಾಯಮಂಡಳಿಗೂ ಹೋಗಬಹುದು. ಅದಕ್ಕೆ ತೆಗೆದುಹಾಕಿದ ದಿನದಿಂದ ಎರಡು ವರ್ಷದ ಮಿತಿ. ಆದರೆ ರಜೆ, ಬಡ್ತಿ, ಪಾಳಿ ಬದಲಾವಣೆಯಂಥ ದೂರು ಹೊತ್ತ, ಸಂಘವಿಲ್ಲದ ಕಾರ್ಮಿಕನಿಗೆ ಈ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಅಂಥ ಕಾರ್ಖಾನೆಯಲ್ಲಿ ಒಳಗಿನ ಮೇಲ್ಮನವಿಯೇ ಅವನಿಗೆ ಬಹುಮಟ್ಟಿಗೆ ಕೊನೆಯದು. ಅದನ್ನು ಪ್ರಾಮಾಣಿಕವಾಗಿ ನಡೆಸುವ ಹೊಣೆ ಆಡಳಿತದ ಮೇಲೆ ಇನ್ನಷ್ಟು ಹೆಚ್ಚುತ್ತದೆ.

ಕ್ರಮ ನಡೆಯುತ್ತಿದೆಯೇ ಎಂದು ತಿಳಿಯಲು ದೂರಿನ ರಿಜಿಸ್ಟರ್ ತೆರೆದರೆ ಸಾಕು. 180 ಜನರಿರುವಲ್ಲಿ ವರ್ಷವಿಡೀ ಒಂದೂ ದೂರು ಇಲ್ಲವೆಂದರೆ ಜನ ಬರೆದುಕೊಡಲು ಹೆದರುತ್ತಿದ್ದಾರೆಂದೇ ಅನುಮಾನಿಸಬೇಕು. ಎಲ್ಲ ದೂರುಗಳೂ ಮೂವತ್ತನೇ ದಿನವೇ ಮುಗಿದಿದ್ದರೆ ಮೊದಲ ಎರಡು ಮೆಟ್ಟಿಲು ಕೆಲಸ ಮಾಡುತ್ತಿಲ್ಲ. ಒಂದೇ ದೂರು ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಹಣ ಕೊಟ್ಟಿದ್ದಾರೆ, ಕಾರಣ ಸರಿಪಡಿಸಿಲ್ಲ. ನಡುರಾತ್ರಿ ದಾಟಿದ ಪಂಚನ್ನು ಹಿಂದಿನ ದಿನದ ಶಿಫ್ಟಿಗೆ ಸೇರಿಸುವಂತೆ ಸಾಫ್ಟ್‌ವೇರ್ ತಿದ್ದಿಸಿ, ಉಳಿದವರ ಬಾಕಿಯನ್ನೂ ಅವರು ಕೇಳುವ ಮೊದಲೇ ಕೊಟ್ಟಾಗ ಮಾತ್ರ ಆಪರೇಟರ್‌ನ ದೂರು ನಿಜಕ್ಕೂ ಮುಗಿಯಿತು ಎನ್ನಬಹುದು.