ನೂರಮೂರು ಮಕ್ಕಳ ಲೆಕ್ಕ

ಸಿಎಸ್‌ಆರ್ ಹಣಕ್ಕೋ ಪ್ರತಿಷ್ಠಾನದ ನೆರವಿಗೋ ಅರ್ಜಿ ಹಾಕುವ ಗ್ರಾಮೀಣ ಶಿಕ್ಷಣ ಸಂಸ್ಥೆಗಳ ಪ್ರಪೋಸಲ್‌ಗಳನ್ನು ಓದುವವರಿಗೆ ಈ ಧಾಟಿ ಬಾಯಿಪಾಠವಾಗಿರುತ್ತದೆ: 'ಸ್ವಾತಂತ್ರ್ಯ ಬಂದು ಎಪ್ಪತ್ತೈದು ವರ್ಷ ಕಳೆದರೂ ನಮ್ಮ ಹಳ್ಳಿಯ ಮಕ್ಕಳು ಶಿಕ್ಷಣದಿಂದ ವಂಚಿತರಾಗಿದ್ದಾರೆ. ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.8 ಮಾತ್ರ. ಬಡತನ ಮತ್ತು ಅಜ್ಞಾನದಿಂದಾಗಿ ಪೋಷಕರಿಗೆ ಓದಿನ ಮಹತ್ವ ತಿಳಿದಿಲ್ಲ. ಈ ಭಾಗದಲ್ಲಿ ಒಂದೂ ಓದಿನ ಕೇಂದ್ರವಿಲ್ಲ. ಆದ್ದರಿಂದ ಆರು ಹಳ್ಳಿಗಳಲ್ಲಿ ಸಂಜೆಯ ಓದಿನ ಕೇಂದ್ರ ತೆರೆಯುವುದು ತುರ್ತು ಅಗತ್ಯ.'

ಪ್ರಪೋಸಲ್‌ನಲ್ಲಿ 'ಅಗತ್ಯದ ವಿವರಣೆ' ಎಂದು ಕರೆಯುವ ಭಾಗ ಇದು. ಇದರಲ್ಲಿ ಸುಳ್ಳಿಲ್ಲ, ಆದರೆ ಇದನ್ನು ಓದಿ ಯಾರೂ ಹಣ ಕೊಡುವ ತೀರ್ಮಾನಕ್ಕೆ ಬರಲಾರರು. ಮೇಲಿನ ಮಾದರಿಯನ್ನೇ ಇಟ್ಟುಕೊಂಡು ಬಿಗಿ ಮಾಡುತ್ತಾ ಹೋಗೋಣ. ಸಂಸ್ಥೆ ಕಲ್ಪಿತ, ಅದರ ಶಾಲೆಗಳ ಲೆಕ್ಕವೂ ಉದಾಹರಣೆಗೆಂದು ಹೇಳಿದ್ದು.

ಮೊದಲು ಆ ಶೇ. 51.8. ಇದು 2011ರ ಜನಗಣತಿಯ ಅಂಕಿ. ಆಗ ಯಾದಗಿರಿ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು, ಹಾಗಾಗಿ ಪ್ರಪೋಸಲ್ ಬರೆಯುವವರಿಗೆಲ್ಲ ಅದು ಅಚ್ಚುಮೆಚ್ಚು. ಆದರೆ ಅದರಲ್ಲಿ ಲೆಕ್ಕಕ್ಕೆ ಬಂದವರು ಏಳು ವರ್ಷ ಮೇಲ್ಪಟ್ಟ ಎಲ್ಲರೂ, ಎಪ್ಪತ್ತು ದಾಟಿದ ಅಜ್ಜಿಯರೂ ಸೇರಿ. ಇವತ್ತು ನಾಲ್ಕನೇ ತರಗತಿಯಲ್ಲಿ ಕೂತಿರುವ ಮಗು ಆಗ ಹುಟ್ಟಿರಲೇ ಇಲ್ಲ. ಆ ಮಗುವಿಗೆ ಓದು ಬರುತ್ತದೆಯೇ ಎಂಬ ಪ್ರಶ್ನೆಗೆ ಈ ಅಂಕಿಯಲ್ಲಿ ಉತ್ತರವಿಲ್ಲ.

ಸ್ವಲ್ಪ ಅನುಭವವಿರುವವರು ಇದರ ಬದಲು 'ಅಸರ್' ವರದಿಗೆ ಕೈಹಾಕುತ್ತಾರೆ. 2005ರಲ್ಲಿ ಪ್ರಥಮ್ ಸಂಸ್ಥೆ ಶುರುಮಾಡಿದ ಈ ಸಮೀಕ್ಷೆ ಹಳ್ಳಿಯ ಮನೆಮನೆಗೆ ಹೋಗಿ ಮಕ್ಕಳನ್ನು ಓದಿಸಿ ನೋಡುತ್ತದೆ. ಜನಗಣತಿಗಿಂತ ಇದು ಎಷ್ಟೋ ವಾಸಿ. ಆದರೂ ಒಂದು ಜಿಲ್ಲೆಗೆ ಅದು ಆರಿಸಿಕೊಳ್ಳುವುದು ಸಾಮಾನ್ಯವಾಗಿ 30 ಹಳ್ಳಿ, ಹಳ್ಳಿಗೆ 20 ಮನೆ. ಜಿಲ್ಲೆಯ ಚಿತ್ರಕ್ಕೆ ಅಷ್ಟು ಸಾಕು, ನಿಮ್ಮ ಆರು ಹಳ್ಳಿಗೆ ಸಾಲದು. ನಿಮ್ಮ ಒಂದು ಹಳ್ಳಿಯೂ ಆ ಮೂವತ್ತರಲ್ಲಿ ಇಲ್ಲದಿರಬಹುದು. ಹಿನ್ನೆಲೆಗೆ ಒಂದು ಸಾಲು ಬಳಸಿಕೊಳ್ಳಬಹುದು, ಅದರ ಮೇಲೆ ಇಡೀ ವಾದವನ್ನು ನಿಲ್ಲಿಸಲಾಗದು.

ಹಾಗಾದರೆ ಲೆಕ್ಕ ಎಲ್ಲಿಂದ ತರುವುದು? ಶಾಲೆಯಿಂದಲೇ. ಅಸರ್ ಬಳಸುವ ಓದಿನ ಪರೀಕ್ಷೆ ಒಂದೇ ಹಾಳೆಯಲ್ಲಿ ಮುಗಿಯುತ್ತದೆ. ಅದರಲ್ಲಿ ಅಕ್ಷರಗಳಿವೆ, ಸರಳ ಪದಗಳಿವೆ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲಿನ ಪ್ಯಾರಾ ಮತ್ತು ಎರಡನೇ ತರಗತಿ ಮಟ್ಟದ ಚಿಕ್ಕ ಕಥೆ ಇವೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು ಪ್ಯಾರಾ ಓದಿಸಬೇಕು. ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ ಸಲೀಸಾಗಿ ಓದಿದರೆ ಕಥೆಗೆ ಹೋಗುವುದು, ತಡವರಿಸಿದರೆ ಪದಗಳಿಗೆ ಇಳಿಯುವುದು. ಐದು ಪದಗಳಲ್ಲಿ ನಾಲ್ಕಾದರೂ ಸರಿಯಾಗದಿದ್ದರೆ ಅಕ್ಷರಕ್ಕೆ ಇಳಿಯುವುದು. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು. ಬಿಇಒ ಅವರ ಅನುಮತಿ ಪತ್ರ ಪಡೆದು, ಮುಖ್ಯ ಶಿಕ್ಷಕರಿಗೆ ಮೊದಲೇ ತಿಳಿಸಿ ಹೋಗುವುದು ಕ್ಷೇಮ. ಹೇಳದೆ ಕೇಳದೆ ಹೋದರೆ 'ನಮ್ಮ ಮೇಲೆ ದೂರು ಬರೆಯಲು ಬಂದಿದ್ದಾರೆ' ಎಂದು ಶಿಕ್ಷಕರಿಗೆ ಅನಿಸುವುದು ಸಹಜ.

ಯಾವ ತಿಂಗಳು ಹೋಗುತ್ತೀರಿ ಎಂಬುದೂ ಮುಖ್ಯ. ದಸರೆಯ ನಂತರ ಹತ್ತಿ ಬಿಡಿಸುವ ಕೆಲಸ ಶುರುವಾಗುತ್ತದೆ, ಸುಗ್ಗಿ ಮುಗಿದ ಮೇಲೆ ಗುಳೆ. ಜನವರಿಯಲ್ಲಿ ಪರೀಕ್ಷೆ ಮಾಡಿದರೆ ಯಾರ ಓದು ಹಿಂದುಳಿದಿದೆಯೋ ಅದೇ ಮಕ್ಕಳು ತರಗತಿಯಲ್ಲಿ ಇರುವುದಿಲ್ಲ. ಜುಲೈ ವಾಸಿ.

ನಮ್ಮ ಸಂಸ್ಥೆ ಜುಲೈನಲ್ಲೇ ಹೋಯಿತೆನ್ನಿ. ಆರು ಶಾಲೆಗಳ 4 ಮತ್ತು 5ನೇ ತರಗತಿಯಲ್ಲಿ ದಾಖಲಾದವರು 214, ಸಿಕ್ಕವರು 181. ಅವರಲ್ಲಿ 103 ಮಕ್ಕಳಿಗೆ ಆ ನಾಲ್ಕು ಸಾಲಿನ ಪ್ಯಾರಾ ಓದಲಾಗಲಿಲ್ಲ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ ಬರೆಯಲು ಕೂರುತ್ತಾರೆ. ಇನ್ನೊಂದು ಹೆಜ್ಜೆ ಇಡಬೇಕು: ಆ 103 ಹೆಸರುಗಳನ್ನು ಹಿಡಿದುಕೊಂಡು ಹೋದ ವರ್ಷದ ಹಾಜರಿ ಪುಸ್ತಕ ನೋಡಬೇಕು. ನೋಡಿದಾಗ ಒಂದು ಗುಂಪು ಮೂರಾಯಿತು. 45 ಮಕ್ಕಳು ವರ್ಷವಿಡೀ ಹೆಚ್ಚುಕಡಿಮೆ ನಿತ್ಯ ಬಂದವರು. 37 ಮಕ್ಕಳು ಹತ್ತಿಯ ತಿಂಗಳುಗಳಲ್ಲಿ ಗೈರು, ಆದರೆ ಸಂಜೆಗೆ ಊರಲ್ಲೇ ಇರುವವರು. ಉಳಿದ 21 ಮಕ್ಕಳು ಅಪ್ಪ ಅಮ್ಮನ ಜೊತೆ ಬೆಂಗಳೂರಿನ ಕಟ್ಟಡ ಕೆಲಸದ ಜಾಗಕ್ಕೆ ಗುಳೆ ಹೋದವರು.

ಈಗ 'ಓದಿನ ಕೇಂದ್ರವಿಲ್ಲ' ಎಂಬ ಸಾಲಿಗೆ ಬನ್ನಿ. ಅಗತ್ಯದ ವಿವರಣೆಯಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ: ತಾವು ಕೊಡಲು ಹೊರಟದ್ದು ಇಲ್ಲ ಎಂಬುದನ್ನೇ ಸಮಸ್ಯೆ ಎಂದು ಬರೆಯುವುದು. ಜ್ವರ ಬಂದವನಿಗೆ ಏನಾಗಿದೆ ಎಂದರೆ 'ಮಾತ್ರೆ ಇಲ್ಲ' ಎಂದಂತೆ. ನಿಜವಾದ ಸಮಸ್ಯೆ ಹತ್ತು ವರ್ಷದ ಮಗುವಿಗೆ ಓದು ಬಾರದಿರುವುದು, ಮತ್ತು ಅದಕ್ಕೆ ಒಂದಲ್ಲ, ಮೂರು ಕಾರಣಗಳಿವೆ. ಸಂಜೆಯ ಕೇಂದ್ರ 45 ಮಕ್ಕಳಿಗೆ ಚೆನ್ನಾಗಿ ಒದಗುತ್ತದೆ. 37 ಮಕ್ಕಳಿಗೆ ಭಾಗಶಃ ಒದಗುತ್ತದೆ. ಗುಳೆ ಹೋದ 21 ಮಕ್ಕಳಿಗೆ ಅದರಿಂದ ಏನೂ ಸಿಗುವುದಿಲ್ಲ. ಅವರಿಗೆ ಬೇಕಾದದ್ದು ಊರಲ್ಲೇ ಉಳಿಯಲು ವಸತಿಯ ವ್ಯವಸ್ಥೆ, ಇಲ್ಲವೇ ಹೋದ ಊರಿನಲ್ಲಿ ಶಾಲೆ. ಈ ಸಂಸ್ಥೆಗೆ ಅದು ಸದ್ಯಕ್ಕೆ ಆಗದ ಕೆಲಸ. ಹಾಗೆಂದು ಆ 21ನ್ನು ಮುಚ್ಚಿಡಬಾರದು. 'ಈ ಯೋಜನೆ ಅವರನ್ನು ತಲುಪುವುದಿಲ್ಲ' ಎಂದು ಬರೆದ ಸಂಸ್ಥೆಯ ಉಳಿದ 82ರ ಲೆಕ್ಕವನ್ನು ಓದುವವರು ನಂಬುತ್ತಾರೆ. ಪರೀಕ್ಷೆಗೆ ಸಿಗದ 33 ಮಕ್ಕಳ ವಿಷಯವನ್ನೂ ಹಾಗೇ ಹೇಳಿಬಿಡಬೇಕು.

ಪೋಷಕರ 'ಅಜ್ಞಾನ'ದ ಸಾಲನ್ನು ಹಿಂದೆಮುಂದೆ ನೋಡದೆ ತೆಗೆದುಹಾಕಿ. ಅದಕ್ಕೆ ಪುರಾವೆಯಿಲ್ಲ, ಜೊತೆಗೆ ನಾಳೆ ಅದೇ ಪೋಷಕರು ಎಸ್‌ಡಿಎಂಸಿ ಸಭೆಯಲ್ಲಿ ನಿಮ್ಮ ಎದುರು ಕೂರುತ್ತಾರೆ. ಆ ಜಾಗದಲ್ಲಿ ಈಗಾಗಲೇ ಏನು ನಡೆಯುತ್ತಿದೆ ಎಂದು ಬರೆಯಿರಿ. ಸರ್ಕಾರಿ ಶಾಲೆಯಲ್ಲಿ 1ರಿಂದ 3ನೇ ತರಗತಿಯವರೆಗೆ ನಲಿ-ಕಲಿ ಇದೆ, ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ನಾಲ್ಕಕ್ಕೆ ಬಂದೊಡನೆ ಎಲ್ಲರಿಗೂ ಒಂದೇ ಪಠ್ಯಪುಸ್ತಕ. ಅಷ್ಟರೊಳಗೆ ಓದು ಕೈಹತ್ತದ ಮಗು ಅಲ್ಲಿಂದ ಮುಂದೆ ಪುಸ್ತಕದ ಜೊತೆ ಸಾಗಲಾರದು. ಸಂಸ್ಥೆ 4 ಮತ್ತು 5ನೇ ತರಗತಿಯನ್ನೇ ಏಕೆ ಆರಿಸಿತು ಎಂಬುದು ಇದರಿಂದ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಮೂಲ ಪ್ಯಾರಾ ಹೀಗಾಗುತ್ತದೆ:

'ನಮ್ಮ ಕ್ಲಸ್ಟರ್‌ನ ಆರು ಸರ್ಕಾರಿ ಶಾಲೆಗಳ 4 ಮತ್ತು 5ನೇ ತರಗತಿಯಲ್ಲಿ 214 ಮಕ್ಕಳಿದ್ದಾರೆ. ಜುಲೈನಲ್ಲಿ ಒಬ್ಬೊಬ್ಬರನ್ನೇ ಓದಿಸಿದಾಗ, ಹಾಜರಿದ್ದ 181 ಮಕ್ಕಳಲ್ಲಿ 103 ಮಂದಿಗೆ ಒಂದನೇ ತರಗತಿ ಮಟ್ಟದ ನಾಲ್ಕು ಸಾಲು ಓದಲಾಗಲಿಲ್ಲ. ಇವರಲ್ಲಿ 45 ಮಂದಿ ನಿತ್ಯ ಶಾಲೆಗೆ ಬರುವವರು. ನಲಿ-ಕಲಿ ಮುಗಿದ ಮೇಲೆ ಅವರ ಮಟ್ಟದಲ್ಲಿ ಓದಿಸುವ ಹೊತ್ತು ದಿನಚರಿಯಲ್ಲಿ ಇಲ್ಲ. 37 ಮಂದಿ ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಶಾಲೆ ತಪ್ಪಿಸುತ್ತಾರೆ, ಸಂಜೆ ಊರಲ್ಲಿರುತ್ತಾರೆ. ಈ 82 ಮಕ್ಕಳಿಗಾಗಿ ಅರ್ಜಿ ಸಲ್ಲಿಸುತ್ತಿದ್ದೇವೆ. ಕುಟುಂಬದೊಡನೆ ಗುಳೆ ಹೋಗುವ 21 ಮಕ್ಕಳನ್ನು ಈ ಯೋಜನೆ ತಲುಪುವುದಿಲ್ಲ.'

ಇದರಲ್ಲಿ 'ತುರ್ತು' ಎಂಬ ಮಾತಿಲ್ಲ, ಇಲ್ಲವೆಂದು ಯಾರಿಗೂ ಅನಿಸುವುದೂ ಇಲ್ಲ. ಬಜೆಟ್ ಪುಟಕ್ಕೂ ಈಗ ನೆಲೆ ಸಿಕ್ಕಿದೆ: 82 ಮಕ್ಕಳು, ಒಬ್ಬ ಸ್ವಯಂಸೇವಕಿಗೆ ಹದಿನೈದರಂತೆ ಹಂಚಿದರೆ ಆರು ಜನ. ಮೊದಲಿನ ಪ್ರಪೋಸಲ್‌ನಲ್ಲಿ ಆರು ಕೇಂದ್ರ ಬಂದದ್ದು ಆರು ಹಳ್ಳಿಗಳಿವೆ ಎಂಬ ಕಾರಣಕ್ಕೆ ಮಾತ್ರ.

ಒಂದು ಪ್ರಶ್ನೆ ಮಾತ್ರ ಖಂಡಿತ ಬರುತ್ತದೆ. ಹಗಲು ಹತ್ತಿ ಹೊಲದಲ್ಲಿದ್ದ ಮಗುವಿಗೆ ಸಂಜೆ ಪಾಠ ಹೇಳಿದರೆ ಶಾಲೆ ತಪ್ಪಿಸುವುದನ್ನು ನೀವು ಒಪ್ಪಿಕೊಂಡಂತಾಗಲಿಲ್ಲವೇ ಎಂದು ಹಣ ಕೊಡುವವರು ಕೇಳಿಯೇ ಕೇಳುತ್ತಾರೆ. ಆ 37 ಮಕ್ಕಳ ಹಾಜರಿಯ ಬಗ್ಗೆ ಎಸ್‌ಡಿಎಂಸಿಯೊಂದಿಗೆ ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರ ಸಿದ್ಧವಿರಬೇಕು. ಉತ್ತರವಿಲ್ಲದಿದ್ದರೆ ಅರ್ಜಿಯನ್ನು 45 ಮಕ್ಕಳಿಗೆ ಇಳಿಸಿ, ಕೇಳುವ ಮೊತ್ತವನ್ನೂ ಅದಕ್ಕೆ ತಕ್ಕಂತೆ ಇಳಿಸುವುದೇ ಸರಿ.