ವಿಲೋಮವಿರುವ ಮ್ಯಾಟ್ರಿಕ್ಸ್: ಯಾವ ಷರತ್ತನ್ನು ಯಾವಾಗ ಹಿಡಿಯಬೇಕು?

ಅಡ್ಡಸಾಲುಗಳಷ್ಟೇ ಕಂಬಸಾಲುಗಳೂ ಇರುವ ಮ್ಯಾಟ್ರಿಕ್ಸಿಗೆ ಚೌಕ ಮ್ಯಾಟ್ರಿಕ್ಸ್ ಎಂದು ಹೆಸರು. A ಎಂಬ ಚೌಕ ಮ್ಯಾಟ್ರಿಕ್ಸಿಗೆ AB = BA = I ಆಗುವಂಥ B ಸಿಕ್ಕರೆ, ಆ B ಎಂಬುದೇ A ಯ ವಿಲೋಮ. ಇಲ್ಲಿ I ಎಂದರೆ ಕರ್ಣದುದ್ದಕ್ಕೂ 1, ಉಳಿದೆಡೆಯೆಲ್ಲ 0 ಇರುವ ಮ್ಯಾಟ್ರಿಕ್ಸ್. ವಿಲೋಮ ಇದೆಯೋ ಇಲ್ಲವೋ ಎಂದು ತಿಳಿಯಲು ಅದನ್ನು ಲೆಕ್ಕ ಹಾಕಿ ತೆಗೆಯಲೇಬೇಕೆಂದಿಲ್ಲ. ನೋಡಲು ಬೇರೆಬೇರೆಯಾಗಿ ಕಾಣುವ ಹಲವು ಷರತ್ತುಗಳು ಚೌಕ ಮ್ಯಾಟ್ರಿಕ್ಸಿನ ಮಟ್ಟಿಗೆ ಒಂದೇ. ಒಂದು ನಿಜವಾದರೆ ಎಲ್ಲವೂ ನಿಜ, ಒಂದು ಸುಳ್ಳಾದರೆ ಎಲ್ಲವೂ ಸುಳ್ಳು. ಡೇವಿಡ್ ಲೇ ಅವರ ಪ್ರಸಿದ್ಧ ಪಠ್ಯಪುಸ್ತಕದಲ್ಲಿ ಇಂಥ 12 ಷರತ್ತುಗಳ ಪಟ್ಟಿಯೇ ಪ್ರಮೇಯವಾಗಿದೆ.

ಹನ್ನೆರಡನ್ನೂ ಬಾಯಿಪಾಠ ಮಾಡುವುದಕ್ಕಿಂತ ಅವು ಹೇಗೆ ಕೂಡಿಕೊಂಡಿವೆ ಎಂದು ನೋಡುವುದು ಲಾಭದಾಯಕ. A ಗೆ ವಿಲೋಮ ಇದೆ ಎನ್ನೋಣ. ಆಗ Ax = 0 ಎಂಬ ಸಮೀಕರಣದ ಎರಡೂ ಬದಿಯನ್ನು ಎಡದಿಂದ ವಿಲೋಮದಿಂದ ಗುಣಿಸಿದರೆ x = 0 ಎಂದು ಬರುತ್ತದೆ; ಬೇರೆ ಪರಿಹಾರವಿಲ್ಲ. ಬೇರೆ ಪರಿಹಾರವಿಲ್ಲ ಎಂದರೆ, ಅಡ್ಡಸಾಲುಗಳನ್ನು ಕಳೆದು ಕೂಡಿ ಸರಳಗೊಳಿಸುವಾಗ ಯಾವ ಚರವೂ ಬಿಡುವಾಗಿ ಉಳಿಯುವುದಿಲ್ಲ, ಪ್ರತಿ ಕಂಬಸಾಲಿನಲ್ಲೂ ಒಂದು ಪಿವಟ್ ಸಿಗುತ್ತದೆ. n ಸಾಲುಗಳಲ್ಲಿ n ಪಿವಟ್ ಇದ್ದ ಮೇಲೆ A ಸರಳಗೊಳ್ಳುತ್ತ I ಆಗಲೇಬೇಕು. ಆ ಸರಳೀಕರಣದ ಒಂದೊಂದು ಹೆಜ್ಜೆಯೂ ಒಂದು ಗುಣಾಕಾರವೇ ಆದ್ದರಿಂದ, ಹೆಜ್ಜೆಗಳೆಲ್ಲ ಸೇರಿ A ಯ ವಿಲೋಮವಾಗುತ್ತವೆ. ಹೀಗೆ ಹೊರಟಲ್ಲಿಗೇ ಬಂದು ಮುಟ್ಟಿದ್ದರಿಂದ ಈ ನಾಲ್ಕರಲ್ಲಿ ಯಾವುದರಿಂದ ಯಾವುದಕ್ಕೆ ಬೇಕಾದರೂ ಹೋಗಬಹುದು. ನಿರ್ಧಾರಕ ಸೊನ್ನೆಯಲ್ಲ, ಕಂಬಸಾಲುಗಳಲ್ಲಿ ಯಾವುದೂ ಉಳಿದವುಗಳಿಂದ ಹುಟ್ಟುವುದಿಲ್ಲ, ಯಾವ b ಕೊಟ್ಟರೂ Ax = b ಗೆ ಪರಿಹಾರ ಉಂಟು ಎಂಬಂಥವು ಈ ವೃತ್ತಕ್ಕೆ ಅಲ್ಲಲ್ಲಿ ಸೇರಿಕೊಳ್ಳುತ್ತವೆ.

ಲೆಕ್ಕ ಬಿಡಿಸುವಾಗ ಬೇಕಾದ ಜಾಣ್ಮೆಯೆಲ್ಲ ಷರತ್ತಿನ ಆಯ್ಕೆಯಲ್ಲಿದೆ. ಈ ಮ್ಯಾಟ್ರಿಕ್ಸನ್ನು ನೋಡಬಹುದು:

```
1  2  3
4  5  6
7  8  k
```

k ಎಷ್ಟಾದರೆ ಇದಕ್ಕೆ ವಿಲೋಮ ಇರುವುದಿಲ್ಲ? ಎರಡನೇ ಸಾಲಿನಿಂದ ಮೊದಲ ಸಾಲಿನ ನಾಲ್ಕು ಪಟ್ಟು ಕಳೆದರೆ 0, −3, −6. ಮೂರನೆಯದರಿಂದ ಏಳು ಪಟ್ಟು ಕಳೆದರೆ 0, −6, k − 21. ಈಗ ಮೂರನೆಯದರಿಂದ ಹೊಸ ಎರಡನೇ ಸಾಲಿನ ಎರಡು ಪಟ್ಟು ಕಳೆದರೆ 0, 0, k − 9 ಉಳಿಯುತ್ತದೆ. k = 9 ಆದಾಗ ಮಾತ್ರ ಮೂರನೇ ಪಿವಟ್ ಇಲ್ಲವಾಗುತ್ತದೆ. ಪಿವಟ್‌ಗಳನ್ನು ಗುಣಿಸಿದರೆ 1 × (−3) × (k − 9), ಅಂದರೆ 27 − 3k, ಇದೇ ನಿರ್ಧಾರಕ.

ಆದರೆ k = 9 ಎಂದು ಮೊದಲೇ ಕೊಟ್ಟಿದ್ದರೆ ಇಷ್ಟು ಕಷ್ಟ ಬೇಡ. ಮೊದಲ ಮತ್ತು ಮೂರನೇ ಕಂಬಸಾಲುಗಳನ್ನು ಕೂಡಿದರೆ 4, 10, 16. ಅದು ಎರಡನೆಯದರ ಇಮ್ಮಡಿ. ಕಣ್ಣಿಗೆ ಬಿದ್ದ ಈ ಸಂಬಂಧವನ್ನೇ ಸಮೀಕರಣವಾಗಿ ಬರೆದರೆ x = (1, −2, 1) ಎಂಬುದು Ax = 0 ಯ ಪರಿಹಾರ. ಸೊನ್ನೆಯಲ್ಲದ ಒಂದು ಪರಿಹಾರ ಸಿಕ್ಕಿತೆಂದರೆ ವಿಲೋಮದ ಮಾತು ಅಲ್ಲಿಗೆ ಮುಗಿಯಿತು. ವಿಲೋಮ ಇಲ್ಲ ಎಂದು ತೋರಿಸಲು ಇದಕ್ಕಿಂತ ಅಗ್ಗದ ದಾರಿ ಸಾಮಾನ್ಯವಾಗಿ ಇಲ್ಲ.

ಸಂಖ್ಯೆಗಳೇ ಇಲ್ಲದ ಪ್ರಶ್ನೆಗಳಲ್ಲೂ Ax = 0 ಷರತ್ತೇ ಹೆಚ್ಚು ಕೆಲಸಕ್ಕೆ ಬರುತ್ತದೆ. A, B ಎರಡೂ n × n ಆಗಿದ್ದು AB = I ಎಂದಷ್ಟೇ ಗೊತ್ತಿದೆ; BA = I ಎಂದು ತೋರಿಸಬೇಕು. ಘಟಕಗಳನ್ನು ಬಿಡಿಸಿ ಬರೆಯಲು ಹೊರಟವರು ಪುಟ ತುಂಬಿಸುತ್ತಾರೆ, ತಲುಪುವುದಿಲ್ಲ. Bx = 0 ಎಂದು ಇಟ್ಟುಕೊಂಡರೆ x = (AB)x = A(Bx) = 0. ಅಂದರೆ B ಯ ಮಟ್ಟಿಗೆ ಆ ಷರತ್ತು ನಿಜ, ಆದ್ದರಿಂದ B ಗೆ ವಿಲೋಮ ಇದೆ. AB = I ಯನ್ನು ಬಲದಿಂದ ಆ ವಿಲೋಮದಿಂದ ಗುಣಿಸಿದರೆ A ಯೇ B ಯ ವಿಲೋಮ ಎಂದು ಬರುತ್ತದೆ; BA = I ತಾನಾಗಿ ಸಿಕ್ಕಿತು. ಮೊದಲು B ಯನ್ನು ಹಿಡಿದದ್ದು ಸುಮ್ಮನೆ ಅಲ್ಲ. AB ಯಲ್ಲಿ x ಗೆ ತಾಗಿ ನಿಲ್ಲುವುದು B, ಹಾಗಾಗಿ ದತ್ತಾಂಶ ನೇರವಾಗಿ ಅದರ ಬಗ್ಗೆಯೇ ಮಾತಾಡುತ್ತದೆ.

ಈ ವಾದದಲ್ಲಿ ಚೌಕ ಎಂಬ ಮಾತನ್ನು ಮರೆತರೆ ಎಡವಟ್ಟಾಗುತ್ತದೆ. ಅಡ್ಡಸಾಲು 1, 0, 0 ಮತ್ತು 0, 1, 0 ಇರುವ 2 × 3 ಮ್ಯಾಟ್ರಿಕ್ಸ್ A ಆಗಿರಲಿ. ಅದರ ಅಡ್ಡಸಾಲುಗಳನ್ನು ಕಂಬಸಾಲುಗಳಾಗಿ ನಿಲ್ಲಿಸಿದ್ದು B. ಆಗ AB ಎರಡರ I ಆಗುತ್ತದೆ. Bx = 0 ಗೆ ಸೊನ್ನೆ ಬಿಟ್ಟು ಪರಿಹಾರವೂ ಇಲ್ಲ. ಆದರೂ BA ಯ ಕರ್ಣದಲ್ಲಿ 1, 1, 0 ಬರುತ್ತದೆ, I ಅಲ್ಲ. ಮೂರು ಅಡ್ಡಸಾಲು, ಎರಡು ಕಂಬಸಾಲು ಇರುವ B ಯಲ್ಲಿ ಪ್ರತಿ ಕಂಬಸಾಲಿಗೂ ಪಿವಟ್ ಇದೆ, ಪ್ರತಿ ಅಡ್ಡಸಾಲಿಗೆ ಇಲ್ಲ. ಪರಿಹಾರ ಒಂದೇ ಎನ್ನುವುದು ಕಂಬಸಾಲುಗಳ ಪಿವಟ್‌ಗೆ ಸಂಬಂಧಿಸಿದ್ದು. ಯಾವ b ಗೂ ಪರಿಹಾರ ಉಂಟು ಎನ್ನುವುದು ಅಡ್ಡಸಾಲುಗಳ ಪಿವಟ್‌ಗೆ. ಎರಡರ ಸಂಖ್ಯೆಯೂ ಸಮನಾದಾಗ ಮಾತ್ರ ಒಂದರಿಂದ ಇನ್ನೊಂದಕ್ಕೆ ದಾಟಬಹುದು.